ನಿಶ್ಚಿತಾರ್ಥ ಆಗಿ ಎರಡು ದಿನಕ್ಕೆ ರೆಪ್ಪೆ ಊದಿದೆ: ಲ್ಯಾಶ್ ಗಮ್ಮಿಂದಲಾ, ಸೀರಮ್ಮಿಂದಲಾ?

ಗುಬ್ಬಿ ಲತಾ

ಎಲ್ಲರಿಗೂ ನಮಸ್ಕಾರ. ತಂಗಿಗೋಸ್ಕರ ಕೇಳ್ತಿದ್ದೀನಿ, ವಯಸ್ಸು 24. ಭಾನುವಾರ ತುಮಕೂರಲ್ಲಿ ಅವಳ ನಿಶ್ಚಿತಾರ್ಥ ಇತ್ತು. ಬೆಳಗ್ಗೆ ಆರಕ್ಕೆ ಪಟ್ಟಿ ಲ್ಯಾಶಸ್ ಅಂಟಿಸಿದ್ರು. ಅಂಟಿಸುವಾಗ ಒಂದು ನಿಮಿಷ ಚುರುಚುರು ಅಂದಿದ್ದು ಬಿಟ್ರೆ ಏನೂ ಆಗಲಿಲ್ಲ. ಸಂಜೆ ನಾಲ್ಕಕ್ಕೆ ಅವಳೇ ಎಳೆದು ತೆಗೆದಳು. ಸೋಮವಾರ ಪೂರ್ತಿ ಚೆನ್ನಾಗೇ ಇದ್ದಳು. ಮಂಗಳವಾರ ಬೆಳಗ್ಗೆ ಏಳೋ ಹೊತ್ತಿಗೆ ಎರಡೂ ಮೇಲಿನ ರೆಪ್ಪೆ ಊದಿಕೊಂಡು ಕೆಂಪಗಾಗಿತ್ತು, ವಿಪರೀತ ನವೆ. ಇವತ್ತು ಬುಧವಾರ, ಕಣ್ಣಿನ ಹೊರ ಮೂಲೆಯಲ್ಲಿ ಹೊಟ್ಟು ಏಳ್ತಿದೆ. ಕೀವು, ನೋವು ಇಲ್ಲ, ದೃಷ್ಟಿ ಸರಿಯಾಗಿದೆ.

ಇದರ ಜೊತೆ ಅವಳು ಹತ್ತು ವಾರದಿಂದ ದಿನಾ ರಾತ್ರಿ ರೆಪ್ಪೆಗೂದಲು ಬೆಳೆಯೋ ಸೀರಮ್ ಹಚ್ತಾಳೆ. ಭಾನುವಾರ ರಾತ್ರಿನೂ ಹಚ್ಚಿದಳು. ಆ ಗಮ್ ಅವಳದೇ ಟ್ಯೂಬು, ಈ ಮೊದಲು ಎರಡು ಮದುವೆಗೆ ಅದನ್ನೇ ಹಾಕಿದ್ದಳು, ಏನೂ ಆಗಿರಲಿಲ್ಲ. ಹಾಗಾಗಿ ಮನೇಲೆಲ್ಲ ಸೀರಮ್ ಮೇಲೇ ಅನುಮಾನ. ಆರು ವಾರಕ್ಕೆ ಮದುವೆ. ಯಾವುದನ್ನ ಬಿಡಿಸಬೇಕು?

ಚಿಂತಾಮಣಿ ಲ್ಯಾಶ್ ಸ್ಟುಡಿಯೋ

ಇದು ಖಂಡಿತ ಹೊಗೆಯಿಂದ ಆಗಿರೋದು. ಗ್ಲೂನಲ್ಲಿ ಇರೋದು ಸೈನೋಅಕ್ರಿಲೇಟ್, ಮನೇಲಿ ಮುರಿದ ಪಿಂಗಾಣಿ ಅಂಟಿಸೋ ಗಮ್ಮಿನ ಜಾತಿ. ಅದು ಗಾಳಿಯ ತೇವ ಹೀರಿಕೊಂಡು ಗಟ್ಟಿಯಾಗುತ್ತೆ. ನಮ್ಮ ಕಡೆ ಏಪ್ರಿಲ್ ಮಧ್ಯಾಹ್ನ ಗಾಳಿ ಒಣಗಿರುತ್ತೆ, ಗ್ಲೂ ನಿಧಾನವಾಗಿ ಕೂರುತ್ತೆ, ಅಲ್ಲಿವರೆಗೂ ಹೊಗೆ ಕಣ್ಣಿಗೆ ಬಡೀತಾನೇ ಇರುತ್ತೆ. ಮಳೆಗಾಲದಲ್ಲಿ ತಿರುಗಾಮುರುಗಾ, ತಟ್ ಅಂತ ಕೂತು ಬೆಳ್ಳಗೆ ಬೂದಿ ಕಟ್ಟುತ್ತೆ. ರೂಮಿನಲ್ಲಿ ತೇವ ಅಳೆಯೋ ಮೀಟರ್ ಇಟ್ಟು 40ರಿಂದ 60ರ ಒಳಗೆ ಇಟ್ಕೋಬೇಕು, ಕಣ್ಣು ಪೂರ್ತಿ ಮುಚ್ಚಿದೆಯಾ ಅಂತ ಪ್ರತಿ ಐದು ನಿಮಿಷಕ್ಕೆ ನೋಡಬೇಕು. ಕೆಳಗಿನ ಪ್ಯಾಡ್ ಸರಿ ಕೂರದೆ ಕಣ್ಣು ಕೂದಲೆಳೆಯಷ್ಟು ತೆರೆದಿದ್ರೂ ಬಿಳಿಗುಡ್ಡೆ ಕೆಂಪಗಾಗುತ್ತೆ.

ಮಧುಗಿರಿ ಫಾರ್ಮಸಿ

ನೀವು ಹೇಳಿದ್ದು ಒಂದೊಂದೇ ಎಳೆ ಅಂಟಿಸುವ ಎಕ್ಸ್‌ಟೆನ್ಷನ್ ಕೆಲಸಕ್ಕೆ ಸರಿ. ಲತಾ ಅವರು ಕೇಳಿರುವುದು ಪಟ್ಟಿ ಲ್ಯಾಶಸ್. ಆ ಟ್ಯೂಬಿನಲ್ಲಿ ಸೈನೋಅಕ್ರಿಲೇಟ್ ಇರುವುದಿಲ್ಲ. ಇದ್ದಿದ್ದರೆ ಸಂಜೆ ಕೈಯಲ್ಲಿ ಎಳೆದು ತೆಗೆಯಲು ಬರುತ್ತಿರಲಿಲ್ಲ, ಬಂದಿದ್ದರೂ ಸ್ವಂತ ಕೂದಲು ಜೊತೆಗೇ ಬರುತ್ತಿತ್ತು. ಪಟ್ಟಿಯ ಗಮ್ ಎಂದರೆ ನೀರಿನಲ್ಲಿ ತೇಲುವ ರಬ್ಬರ್ ಹಾಲು ಅಥವಾ ಅಕ್ರಿಲೇಟ್ ಪಾಲಿಮರ್. ನೀರು ಆರಿದ ಮೇಲೆ ಒಂದು ಪದರ ಉಳಿಯುತ್ತದೆ, ಅಂಟುವುದು ಅದು.

ಲತಾ ಅವರೇ, ಎರಡು ವಿಷಯ ಬೇಕು. ಒಂದು, ಗಮ್ ಮತ್ತು ಸೀರಮ್ ಎರಡರ ಡಬ್ಬಿಯ ಮೇಲಿನ ಪದಾರ್ಥಗಳ ಪಟ್ಟಿ. ಟ್ಯೂಬಿನ ಮೇಲೆ ಇಲ್ಲದಿದ್ದರೆ ರಟ್ಟಿನ ಹೊರಡಬ್ಬಿ ನೋಡಿ. ಎರಡು, ಆ ವಾರ ಕೂದಲಿಗೆ ಬಣ್ಣ ಹಚ್ಚಿದರೇ, ಉಗುರಿಗೆ ಜೆಲ್ ಹಾಕಿಸಿದರೇ, ಹೊಸ ಕಾಡಿಗೆ ಏನಾದರೂ?

ಅಲ್ಲಿಯವರೆಗೆ ಗಮ್, ಸೀರಮ್, ಕಾಡಿಗೆ, ಮಸ್ಕಾರ ಎಲ್ಲವನ್ನೂ ನಿಲ್ಲಿಸಿ. ಶುಭ್ರ ಬಟ್ಟೆ ತಣ್ಣೀರಲ್ಲಿ ಅದ್ದಿ ಹಿಂಡಿ ಹತ್ತು ನಿಮಿಷ ಇಡಿ, ದಿನಕ್ಕೆ ಮೂರು ನಾಲ್ಕು ಸಲ. ಹೊಟ್ಟು ಎದ್ದ ಕಡೆ ವಾಸನೆಯಿಲ್ಲದ ಪೆಟ್ರೋಲಿಯಂ ಜೆಲ್ಲಿ ತೆಳ್ಳಗೆ. ಕೌಂಟರ್‌ನಲ್ಲಿ ನಿಂತು ದಿನಾ ನೋಡುವ ನಾನು ಇದೊಂದನ್ನು ಒತ್ತಿ ಹೇಳುತ್ತೇನೆ: ಮನೆಯಲ್ಲಿರುವ ಸ್ಟೆರಾಯ್ಡ್ ಟ್ಯೂಬನ್ನು ರೆಪ್ಪೆಗೆ ಹಚ್ಚಬೇಡಿ. ಎರಡು ದಿನಕ್ಕೆ ಊತ ಇಳಿದಂತೆ ಕಾಣುತ್ತದೆ, ಎಲ್ಲರೂ ಮತ್ತೆ ಅದನ್ನೇ ಕೇಳಿಕೊಂಡು ಬರುತ್ತಾರೆ. ರೆಪ್ಪೆಯ ಚರ್ಮ ಮೈಯಲ್ಲೇ ಅತಿ ತೆಳು. ಬಿಡದೆ ಹಚ್ಚಿದರೆ ಅದು ಇನ್ನೂ ತೆಳುವಾಗುತ್ತದೆ, ಕಣ್ಣಿನ ಒಳ ಒತ್ತಡವೂ ಏರಬಹುದು. ಬೇಕೇ ಎಂದಾದರೆ ಡಾಕ್ಟರು ಯಾವ ಬಲದ್ದು, ಎಷ್ಟು ದಿನ ಎಂದು ಬರೆದುಕೊಡುತ್ತಾರೆ.

ತಿಪಟೂರು ಪದ್ಮ

ನೀವೆಲ್ಲ ಸುಮ್ನೆ ದೊಡ್ಡದು ಮಾಡ್ತಿದ್ದೀರ. ಎರಡು ಸಲ ಹಾಕಿ ಏನೂ ಆಗಿಲ್ಲ ಅಂದ್ಮೇಲೆ ಆ ಗಮ್ ಅವಳಿಗೆ ಒಗ್ಗಿದೆ ಅಂತಲೇ ಅರ್ಥ. ಲೇಟೆಕ್ಸ್ ಇಲ್ಲದ್ದು ತಗೊಂಡ್ರೆ ಅಲರ್ಜಿ ಮಾತೇ ಇಲ್ಲ. ಎಳೆದು ಕಿತ್ತಿದ್ದೇ ತಪ್ಪು. ಕೊಬ್ಬರಿ ಎಣ್ಣೇಲಿ ಹತ್ತಿ ಅದ್ದಿ ರೆಪ್ಪೆ ಮೇಲೆ ಎರಡು ನಿಮಿಷ ಇಟ್ಟು, ಹೊರ ಮೂಲೆಯಿಂದ ಒಳಗೆ ಸುಲೀಬೇಕು. ಸೀರಮ್ ಬದಲು ಹರಳೆಣ್ಣೆ ಹಚ್ಚಿ ಸಾಕು, ಕೂದಲು ತಾನಾಗಿ ಬರುತ್ತೆ.

ಗುಬ್ಬಿ ಲತಾ

ಡಬ್ಬಿ ಸಿಕ್ತು. ಭೂತಗನ್ನಡಿ ಹಿಡಿದು ಓದಿ ಕನ್ನಡದಲ್ಲಿ ಬರೀತಿದ್ದೀನಿ, ತಪ್ಪಿದ್ರೆ ತಿದ್ದಿ.

ಗಮ್: ನೀರು, ಅಕ್ರಿಲೇಟ್ಸ್ ಕೋಪಾಲಿಮರ್, ಸೆಲ್ಯುಲೋಸ್ ಗಮ್, ಪ್ರೊಪಿಲೀನ್ ಗ್ಲೈಕಾಲ್, ಡಿಎಂಡಿಎಂ ಹೈಡಾಂಟಾಯಿನ್, ಫ್ರೇಗ್ರೆನ್ಸ್. ಮುಂದುಗಡೆ ದೊಡ್ಡದಾಗಿ "ಲೇಟೆಕ್ಸ್ ರಹಿತ" ಅಂತಿದೆ.

ಸೀರಮ್: ನೀರು, ಗ್ಲಿಸರಿನ್, ಬ್ಯೂಟಿಲೀನ್ ಗ್ಲೈಕಾಲ್, ಪ್ಯಾಂಥೆನಾಲ್, ಬಯೋಟಿನಾಯ್ಲ್ ಟ್ರೈಪೆಪ್ಟೈಡ್-1, ಫಿನಾಕ್ಸಿಎಥೆನಾಲ್, ಇನ್ನೂ ಏನೇನೋ, ಕೊನೆಗೆ ಎರಡನೆಯದು ಐಸೋಪ್ರೊಪೈಲ್ ಕ್ಲೋಪ್ರೊಸ್ಟೆನೇಟ್. ಮುಂದುಗಡೆ "ಪೆಪ್ಟೈಡ್ ಸೀರಮ್" ಅಂತ ಇದೆ.

ಕೂದಲಿಗೆ ಬಣ್ಣ ಇಲ್ಲ. ಶುಕ್ರವಾರ ಜೆಲ್ ನೇಲ್ಸ್ ಹಾಕಿಸಿದ್ದಳು, ಅದು ಮೊದಲನೇ ಸಲ. ಇನ್ನೊಂದು ವಿಷಯ ಈಗ ಗಮನಿಸಿದೆ. ಮೇಲಿನ ರೆಪ್ಪೆ ಅಂಚಿಗೆ ಕಂದು ಗೆರೆ ಇದೆ, ಕಾಡಿಗೆ ಸರಿಯಾಗಿ ಒರೆಸದ ಹಾಗೆ, ತೊಳೆದ್ರೂ ಹೋಗ್ತಿಲ್ಲ. ಅದು ಒಂದು ತಿಂಗಳಿಂದ ಇದೆ ಅಂತಾಳೆ.

ಮಧುಗಿರಿ ಫಾರ್ಮಸಿ

ಪದ್ಮ ಅವರು ಗಮ್ ತೆಗೆಯುವ ವಿಧಾನ ಹೇಳಿದ್ದು ಸರಿ, ಎಣ್ಣೆಗೆ ಅಕ್ರಿಲೇಟ್ ಪದರ ಮೆತ್ತಗಾಗುತ್ತದೆ. ಉಳಿದದ್ದರಲ್ಲಿ ಎರಡು ತಿದ್ದಬೇಕು.

ಮೊದಲನೆಯದು, "ಎರಡು ಸಲ ಹಾಕಿ ಏನೂ ಆಗಿಲ್ಲ" ಎನ್ನುವುದು ಗಮ್ಮಿನ ಪರವಾದ ಸಾಕ್ಷಿಯಲ್ಲ. ಈ ಬಗೆಯ ಚರ್ಮದ ಅಲರ್ಜಿ ಮೊದಲ ಭೇಟಿಯಲ್ಲಿ ತೋರುವುದಿಲ್ಲ. ಮೊದಲ ಒಂದೆರಡು ಸಲದಲ್ಲಿ ದೇಹ ಆ ಪದಾರ್ಥವನ್ನು ಗುರುತು ಹಿಡಿದು ಇಟ್ಟುಕೊಳ್ಳುತ್ತದೆ, ಆಮೇಲೆ ಬಂದಾಗ ಮೇಲೆ ಬೀಳುತ್ತದೆ. ಬರೀ ಉರಿ ತರುವ ಪದಾರ್ಥವಾಗಿದ್ದರೆ ಕಥೆ ಬೇರೆ: ಹಚ್ಚಿದ ನಿಮಿಷದಿಂದ ಗಂಟೆಗಳೊಳಗೆ, ತಾಗಿದ ಗೆರೆಯಷ್ಟೇ ಕೆಂಪು, ನವೆಗಿಂತ ಉರಿ ಹೆಚ್ಚು. ನಿಮ್ಮ ತಂಗಿಗೆ ಭಾನುವಾರ ಬೆಳಗ್ಗೆ ಹಚ್ಚಿದ್ದು, ಸೋಮವಾರ ಖಾಲಿ, ಮಂಗಳವಾರ ಬೆಳಗ್ಗೆ ಊತ. ಸರಿಸುಮಾರು 48 ಗಂಟೆ. ನವೆ ಮುಂದೆ, ಉರಿ ಹಿಂದೆ. ತಾಗಿದ ಗೆರೆಯನ್ನು ದಾಟಿ ರೆಪ್ಪೆಯೆಲ್ಲ ಊದಿದೆ. ಒಂದರಿಂದ ಮೂರು ದಿನ ತಡವಾಗಿ ಬರುವ ಅಲರ್ಜಿಯ ಲೆಕ್ಕ ಹೀಗೇ ಇರುತ್ತದೆ. ಅಂಟಿಸುವಾಗಿನ ಒಂದು ನಿಮಿಷದ ಚುರುಚುರು ಬೇರೆ ವಿಷಯ, ಹಸಿ ಗಮ್ ಅಂಚಿಗೆ ಹರಿದಿರಬೇಕು.

ಎರಡನೆಯದು, "ಲೇಟೆಕ್ಸ್ ಇಲ್ಲ" ಎಂದರೆ ಲೇಟೆಕ್ಸ್ ಇಲ್ಲ, ಅಷ್ಟೇ. ಲೇಟೆಕ್ಸ್ ಅಲರ್ಜಿ ಇರುವವರಿಗೆ ಆ ಮಾತು ಬಹಳ ಮುಖ್ಯ: ಅವರಿಗೆ ನಿಮಿಷಗಳಲ್ಲೇ ದದ್ದು ಏಳುತ್ತದೆ, ಬಲೂನು ಊದಿದರೆ ತುಟಿ ಊದುತ್ತದೆ, ಕೆಲವರಿಗೆ ಬಾಳೆಹಣ್ಣು, ಪರಂಗಿಹಣ್ಣು ತಿಂದರೂ ಬಾಯಿ ತುರಿಸುತ್ತದೆ. ಇಲ್ಲಿ ಹಾಗೇನೂ ಆಗಿಲ್ಲ. ಈ ಟ್ಯೂಬಿನಲ್ಲಿ ನನ್ನ ಕಣ್ಣು ಬಿದ್ದದ್ದು ಡಿಎಂಡಿಎಂ ಹೈಡಾಂಟಾಯಿನ್ ಮೇಲೆ. ನೀರಿರುವ ಗಮ್ ಬೂಸ್ಟು ಹಿಡಿಯದಿರಲಿ ಎಂದು ಹಾಕುವ ಸಂರಕ್ಷಕ ಅದು. ಟ್ಯೂಬಿನೊಳಗೆ ಸ್ವಲ್ಪ ಸ್ವಲ್ಪವಾಗಿ ಫಾರ್ಮಾಲ್ಡಿಹೈಡ್ ಬಿಡುವುದೇ ಅದರ ಕೆಲಸ. ಇದೇ ಕೆಲಸ ಮಾಡುವ ಬೇರೆ ಹೆಸರುಗಳೂ ಇವೆ: ಇಮಿಡಜೋಲಿಡಿನೈಲ್ ಯೂರಿಯಾ, ಡಯಜೋಲಿಡಿನೈಲ್ ಯೂರಿಯಾ, ಕ್ವಾಟರ್ನಿಯಂ-15. ಪಟ್ಟಿಯಲ್ಲಿ ಎಲ್ಲಿಯೂ "ಫಾರ್ಮಾಲ್ಡಿಹೈಡ್" ಎಂದು ಬರೆದಿರುವುದಿಲ್ಲ, ಏಕೆಂದರೆ ಅದನ್ನು ಯಾರೂ ನೇರವಾಗಿ ಸುರಿದಿಲ್ಲ. ಎರಡನೇ ಅನುಮಾನ ಫ್ರೇಗ್ರೆನ್ಸ್. ರೆಪ್ಪೆಗೆ ಹಚ್ಚುವ ಗಮ್ಮಿಗೆ ಪರಿಮಳ ಯಾಕೆ ಬೇಕೋ ನನಗಂತೂ ಅರ್ಥವಾಗಿಲ್ಲ.

ಗುಬ್ಬಿ ಲತಾ

ಅವಳ ಶಾಂಪೂನಲ್ಲೂ ಅದೇ ಡಿಎಂಡಿಎಂ ಇದೆ, ಈಗ ತಾನೇ ನೋಡಿದೆ. ಎರಡು ವರ್ಷದಿಂದ ಹಾಕ್ತಾಳೆ. ತಲೆಯಲ್ಲಿ ಏನೂ ಆಗಿಲ್ಲವಲ್ಲ?

ಮಧುಗಿರಿ ಫಾರ್ಮಸಿ

ಒಳ್ಳೆಯ ಪ್ರಶ್ನೆ. ಶಾಂಪೂ ಎರಡು ನಿಮಿಷ ಇದ್ದು ನೀರಿನಲ್ಲಿ ಹೋಗುತ್ತದೆ, ನೆತ್ತಿಯ ಚರ್ಮವೂ ದಪ್ಪ. ಗಮ್ ಹತ್ತು ಗಂಟೆ ರೆಪ್ಪೆಯ ಮೇಲೆ ಕೂತಿತ್ತು, ಅದೂ ಪ್ಲಾಸ್ಟಿಕ್ಕಿನಂಥ ಪದರದ ಕೆಳಗೆ. ಹಾಗಾಗಿ ಶಾಂಪೂ ಒಗ್ಗಿದೆ ಎಂದ ಮಾತ್ರಕ್ಕೆ ಗಮ್ ನಿರಪರಾಧಿ ಆಗುವುದಿಲ್ಲ. ಡಿಎಂಡಿಎಂಗೇ ಅಲರ್ಜಿ ಎಂದು ಗಟ್ಟಿಯಾದರೆ ಶಾಂಪೂವನ್ನೂ ಬದಲಿಸಬೇಕು, ತೊಳೆಯುವಾಗ ನೊರೆ ಇಳಿಯುವುದು ಅದೇ ರೆಪ್ಪೆಗಳ ಮೇಲೆ.

ಆದರೆ ಜೆಲ್ ನೇಲ್ಸ್ ವಿಷಯವನ್ನು ನಾನು ಬಿಟ್ಟುಕೊಡುವುದಿಲ್ಲ. ಉಗುರಿಗೆ ಹಚ್ಚಿದ್ದು ರೆಪ್ಪೆಯಲ್ಲಿ ಕಾಣಿಸಿಕೊಳ್ಳುವುದು ಬಹಳ ಸಾಮಾನ್ಯ. ದಿನಕ್ಕೆ ಎಷ್ಟು ಸಲ ಕಣ್ಣು ಉಜ್ಜುತ್ತೇವೆ ಎಂದು ಯಾರೂ ಲೆಕ್ಕ ಇಡುವುದಿಲ್ಲ.

ಶಿರಾ ಬ್ರೈಡಲ್

ಉಗುರು ಅಂದ್ರೆ ಬೆರಳ ತುದೀಲೂ ತುರಿಕೆ, ಬಿರುಕು ಬರಬೇಕಲ್ವಾ ಸರ್? ಮತ್ತೆ ಮೊದಲನೇ ಸಲಕ್ಕೆ ಅಲರ್ಜಿ ಆಗಲ್ಲ ಅಂತ ನೀವೇ ಹೇಳಿದ್ರಿ. ಜೆಲ್ ಅವಳಿಗೆ ಮೊದಲನೇ ಸಲ.

ಮಧುಗಿರಿ ಫಾರ್ಮಸಿ

ಬೆರಳಲ್ಲಿ ಏನೂ ಇಲ್ಲದೆ ರೆಪ್ಪೆಯಲ್ಲಿ ಮಾತ್ರ ಬರಬಹುದು, ಬೆರಳ ಚರ್ಮ ಗಟ್ಟಿ. ಮೊದಲ ಸಲದ ಮಾತು ನಿಜ, ಅದು ಜೆಲ್ಲಿನ ವಿರುದ್ಧದ ಅನುಮಾನವನ್ನು ಕಡಿಮೆ ಮಾಡುತ್ತದೆ. ಆದರೆ ಜೆಲ್ಲಿನಲ್ಲಿರುವ ಅಕ್ರಿಲೇಟ್ ಕುಟುಂಬದ್ದು ಹಿಂದೆ ಬೇರೆ ಎಲ್ಲೋ ತಾಗಿರಬಹುದು. ಅಂಗಡಿಯಲ್ಲಿ ಕೂತು ಇದನ್ನು ನಾನು ತೀರ್ಮಾನ ಮಾಡಲಾರೆ.

ಕೋಲಾರ ಆಪ್ಟೊಮೆಟ್ರಿ

ಆ ಕಂದು ಗೆರೆ ಬಗ್ಗೆ ಯಾರೂ ಏನೂ ಹೇಳಿಲ್ಲ, ಅದಕ್ಕೇ ಬರೀತಿದ್ದೀನಿ. ಇಲ್ಲಿ ಇರೋದು ಒಂದು ತೊಂದರೆ ಅಲ್ಲ, ಎರಡು. ಊತ, ನವೆ ಗಮ್ಮಿನ ಕಡೆ ಬೆರಳು ತೋರಿಸ್ತಿದೆ. ಗೆರೆ ಮಾತ್ರ ಸೀರಮ್ಮಿನದು.

ಡಬ್ಬಿ ಮುಂದೆ "ಪೆಪ್ಟೈಡ್" ಅಂತ ಇದ್ರೂ ಕೂದಲು ಉದ್ದ ಮಾಡ್ತಿರೋದು ಕೊನೆಯಲ್ಲಿರೋ ಐಸೋಪ್ರೊಪೈಲ್ ಕ್ಲೋಪ್ರೊಸ್ಟೆನೇಟ್. ಅದು ಪ್ರೊಸ್ಟಾಗ್ಲಾಂಡಿನ್ ಜಾತಿಗೆ ಸೇರಿದ್ದು. ಕಣ್ಣಿನ ಒಳ ಒತ್ತಡ ಇಳಿಸೋಕೆ ಗ್ಲಾಕೋಮಾಗೆ ಕೊಡೋ ಡ್ರಾಪ್ಸ್ ಇದೇ ಜಾತಿ. ಆ ಡ್ರಾಪ್ಸ್ ಹಾಕ್ಕೊಂಡವರ ರೆಪ್ಪೆಗೂದಲು ಉದ್ದ ಆಗ್ತಿದ್ದದ್ದು ನೋಡಿಯೇ ಬಿಮಾಟೊಪ್ರೊಸ್ಟ್ 0.03% ಅನ್ನು ರೆಪ್ಪೆಗೂದಲಿಗೆ ಅಂತಲೇ ತಂದ್ರು. ಅಮೆರಿಕದಲ್ಲಿ 2008ರಲ್ಲಿ ಅನುಮತಿ ಸಿಕ್ತು, ಅಲ್ಲಿ ಅದು ಡಾಕ್ಟರ ಚೀಟಿ ಮೇಲೆ ಕೊಡೋ ಔಷಧಿ. ಕಾಸ್ಮೆಟಿಕ್ ಅಂತ ಮಾರೋ ಸೀರಮ್‌ಗಳಲ್ಲಿ ಅದರ ಅಣ್ಣತಮ್ಮಂದಿರು ಇರ್ತಾರೆ.

ಪಟ್ಟಿಯ ಕೊನೆಯಲ್ಲಿ ಯಾಕಿದೆ ಅಂದ್ರೆ, ಶೇಕಡಾ 1ಕ್ಕಿಂತ ಹೆಚ್ಚಿರೋದನ್ನ ಮಾತ್ರ ಹೆಚ್ಚಿನದರಿಂದ ಕಡಿಮೆಗೆ ಬರೀಬೇಕು, ಅದಕ್ಕಿಂತ ಕಡಿಮೆ ಇರೋದನ್ನ ಯಾವ ಕ್ರಮದಲ್ಲಾದ್ರೂ ಬರೀಬಹುದು. ಇದು 1ಕ್ಕಿಂತ ಬಹಳ ಕೆಳಗೆ. ಕೆಲಸ ಮಾಡೋಕೆ ಅಷ್ಟೇ ಸಾಕು. ಬಿಮಾಟೊಪ್ರೊಸ್ಟ್ 0.03% ಅಂದ್ರೆ ಒಂದು ಮಿಲೀಲೀಟರಿಗೆ 0.3 ಮಿಲಿಗ್ರಾಂ, ಅಷ್ಟರಲ್ಲೇ ಕೂದಲು ಬೆಳೆಯುತ್ತೆ. ಹಾಗಾಗಿ ಸೀರಮ್ ಪಟ್ಟಿಯನ್ನ ಕೊನೆಯಿಂದ ಓದಬೇಕು. ಇಂಗ್ಲಿಷಿನ ಪಿ, ಆರ್, ಓ, ಎಸ್, ಟಿ ಈ ಐದಕ್ಷರ ಒಟ್ಟಿಗೆ ಯಾವ ಹೆಸರಿನೊಳಗಾದ್ರೂ ಇದೆಯಾ ನೋಡಿ. ಕ್ಲೋಪ್ರೊಸ್ಟೆನಾಲ್, ಟಾಫ್ಲುಪ್ರೊಸ್ಟಮೈಡ್, ಬಿಮಾಟೊಪ್ರೊಸ್ಟ್, ಹೆಚ್ಚಿನವು ಈ ಬಲೆಗೆ ಬೀಳ್ತಾವೆ.

ಇದರಿಂದ ಆಗೋದು: ಮೊದಲ ವಾರಗಳಲ್ಲಿ ಬಿಳಿಗುಡ್ಡೆ ಕೆಂಪು, ಸ್ವಲ್ಪ ನವೆ. ತಿಂಗಳು ಕಳೆದ್ಮೇಲೆ ರೆಪ್ಪೆ ಅಂಚು ಕಪ್ಪಾಗೋದು. ತಂಗೀದು ಅದೇ. ಬಿಟ್ಟ ಮೇಲೆ ಅದು ಸಾಮಾನ್ಯವಾಗಿ ಕೆಲವು ತಿಂಗಳಲ್ಲಿ ತಿಳಿಯಾಗುತ್ತೆ. ಕೆಲವರಿಗೆ ಕಣ್ಣಿನ ಸುತ್ತ ಇರೋ ಕೊಬ್ಬು ಕರಗಿ ಮೇಲಿನ ರೆಪ್ಪೆ ಗುಳಿ ಬಿದ್ದ ಹಾಗೆ ಕಾಣುತ್ತೆ. ಇದನ್ನ ಕನ್ನಡಿ ಹೇಳಲ್ಲ, ಸೀರಮ್ ಶುರು ಮಾಡೋ ಮುಂಚಿನ ಫೋಟೋ ಪಕ್ಕ ಇಟ್ಟು ನೋಡಿದ್ರೆ ಗೊತ್ತಾಗುತ್ತೆ. ಕಣ್ಣಿನ ಪಾಪೆ ಸುತ್ತಲ ಬಣ್ಣ ಕಂದಾಗೋದೂ ಇದೆ, ಅದು ವಾಪಸ್ ಬರಲ್ಲ. ನಮ್ಮಂಥ ಕಡುಕಂದು ಕಣ್ಣಲ್ಲಿ ಅದು ಕಾಣೋದೇ ಇಲ್ಲ, ಹಸಿರು ಮಿಶ್ರ ಕಣ್ಣವರಿಗೆ ಎದ್ದು ಕಾಣುತ್ತೆ.

ಬಂಗಾರಪೇಟೆ ಸುಜಾತಾ

ಸಾರ್, ನಮ್ಮತ್ತೆಗೆ ಗ್ಲಾಕೋಮಾ, ಬಿಮಾಟೊಪ್ರೊಸ್ಟ್ ಡ್ರಾಪ್ಸೇ ಹಾಕ್ತಾರೆ. ಅವರ ಕೂದಲು ನಿಜವಾಗ್ಲೂ ಗೊಂಬೆ ಥರ ಆಗಿದೆ. ಆ ಬಾಟಲಿಯಿಂದ ಒಂದು ಹನಿ ಬ್ರಷ್ಷಿಗೆ ತಗೊಂಡು ನಾನು ಹಚ್ಕೊಂಡ್ರೆ ಆಗುತ್ತಾ? ಸೀರಮ್ಮಿಗಿಂತ ಅಗ್ಗ.

ಕೋಲಾರ ಆಪ್ಟೊಮೆಟ್ರಿ

ಬೇಡಮ್ಮಾ. ಬಾಟಲಿ ತುದಿಗೆ ನಿಮ್ಮ ಬ್ರಷ್ ತಾಗಿದ್ರೆ ಅದೇ ತುದಿ ನಾಳೆ ಅತ್ತೆಯ ಕಣ್ಣಿಗೆ. ಅವರಿಗೆ ಒಂದೊಂದು ಹನಿಯೂ ದೃಷ್ಟಿ ಉಳಿಸೋ ಲೆಕ್ಕ, ತಿಂಗಳ ಕೊನೆಗೆ ಬಾಟಲಿ ಖಾಲಿ ಆಗಬಾರದು. ಮತ್ತೆ ಅತ್ತೆಗೂ ಹೇಳಿಡಿ, ಡ್ರಾಪ್ಸ್ ಜೊತೆ ಈ ಥರದ ಸೀರಮ್ ಹಚ್ಚಬಾರದು. ಒಂದೇ ಜಾತಿಯ ಎರಡು ಸೇರಿದ್ರೆ ಒತ್ತಡ ಇಳಿಸೋ ಕೆಲಸ ಇನ್ನೂ ಚೆನ್ನಾಗಿ ಆಗುತ್ತೆ ಅನ್ಕೋತಾರೆ, ಆದ್ರೆ ಕಡಿಮೆ ಆಗೋ ಸಾಧ್ಯತೆ ಇದೆ.

ನಿಮಗೆ ಬೇಕೇ ಬೇಕು ಅಂದ್ರೆ ಕಣ್ಣಿನ ಡಾಕ್ಟರಿಗೆ ತೋರಿಸಿ. ಕಣ್ಣೊಳಗೆ ಉರಿಯೂತ ಆಗಿದ್ದವರು, ಬಸುರಿ, ಬಾಣಂತಿಯರು ದೂರ ಇರಬೇಕು. ಹಚ್ಚೋದೂ ಮೇಲಿನ ರೆಪ್ಪೆಯ ಕೂದಲಿನ ಬುಡಕ್ಕೆ ಮಾತ್ರ, ರಾತ್ರಿ ಒಂದೇ ಸಲ, ಕಾಂಟ್ಯಾಕ್ಟ್ ಲೆನ್ಸ್ ತೆಗೆದು, ಒಂದೊಂದು ಕಣ್ಣಿಗೆ ಬೇರೆ ಬೇರೆ ಹೊಸ ಬ್ರಷ್. ಕೆಳಗಿನ ರೆಪ್ಪೆಗೆ ಹಚ್ಚೋದೇ ಬೇಡ, ಕಣ್ಣು ಮಿಟುಕಿಸಿದಾಗ ಬೇಕಾದಷ್ಟು ತಾನೇ ಇಳಿಯುತ್ತೆ. ಹೆಚ್ಚಾಗಿದ್ದನ್ನ ಟಿಶ್ಯೂಲಿ ಒತ್ತಿ ತೆಗೀಬೇಕು. ಕೆನ್ನೆಗೆ ದಿನಾ ಹರಿದ್ರೆ ಅಲ್ಲೂ ಕೂದಲು ಬರುತ್ತೆ, ತಮಾಷೆ ಅಲ್ಲ.

ತಿಪಟೂರು ಪದ್ಮ

ಅದಕ್ಕೇ ಹೇಳಿದ್ದು ಹರಳೆಣ್ಣೆ ಅಂತ.

ಕೋಲಾರ ಆಪ್ಟೊಮೆಟ್ರಿ

ಹರಳೆಣ್ಣೆ ಹಚ್ಚಿದ್ರೆ ಕೂದಲು ಹೊಳೆಯುತ್ತೆ, ಮುರಿಯೋದು ಸ್ವಲ್ಪ ಕಡಿಮೆ ಆಗಬಹುದು. ಉದ್ದ ಬೆಳೆಸುತ್ತೆ ಅನ್ನೋದಕ್ಕೆ ಪುರಾವೆ ಇಲ್ಲ ಪದ್ಮಕ್ಕ. ಪ್ರೊಸ್ಟ್ ಜಾತಿಯದ್ದು ಕೂದಲು ಬೆಳೆಯೋ ಹಂತವನ್ನೇ ಹಿಗ್ಗಿಸುತ್ತೆ, ಅದಕ್ಕೇ ಬಿಟ್ಟ ಮೇಲೆ ವಾರ, ತಿಂಗಳಲ್ಲಿ ಕೂದಲು ಮೊದಲಿನ ಉದ್ದಕ್ಕೆ ಬರುತ್ತೆ. ಬರೀ ಪೆಪ್ಟೈಡ್, ಪ್ಯಾಂಥೆನಾಲ್ ಇರೋ ಸೀರಮ್‌ಗಳ ಬಗ್ಗೆ ನಾನು ಹೆಚ್ಚು ಭರವಸೆ ಕೊಡಲ್ಲ. ಎರಡು ತಿಂಗಳಲ್ಲಿ ಕಣ್ಣಿಗೆ ಕಾಣೋಷ್ಟು ಉದ್ದ ಬಂತು ಅಂದ್ರೆ ನನಗೆ ಡಬ್ಬಿ ಮೇಲೇ ಅನುಮಾನ ಬರುತ್ತೆ.

ಶಿರಾ ಬ್ರೈಡಲ್

ಲತಾ ಅವರೇ, ಕೆಲಸದ ಕಡೆಯಿಂದ ಒಂದು ಮಾತು. ಆ ಒಂದು ನಿಮಿಷದ ಚುರುಚುರು ಸಣ್ಣದಲ್ಲ. ಪಟ್ಟಿಗೆ ಗಮ್ ಹಚ್ಚಿದ ತಕ್ಷಣ ಅಂಟಿಸಿದ್ರೆ ಹಾಗಾಗುತ್ತೆ. ಪಟ್ಟಿ ಅಂಚಿಗೆ ದಾರದಷ್ಟು ಸಣ್ಣ ಗೆರೆ ಎಳೆದು, 30ರಿಂದ 45 ಸೆಕೆಂಡು ಕೈಯಲ್ಲೇ ಹಿಡ್ಕೋಬೇಕು. ಬಿಳಿ ಗಮ್ ಆದ್ರೆ ಅಂಚುಗಳು ಪಾರದರ್ಶಕ ಆಗೋಕೆ ಶುರು ಆಗುತ್ತೆ, ಬೆರಳು ತಾಗಿಸಿದ್ರೆ ಎಳೆ ಬರಬೇಕು, ಒದ್ದೆ ಬರಬಾರದು. ಆಗ ಕೂದಲ ಬುಡಕ್ಕಿಂತ ಒಂದು ಮಿಲಿಮೀಟರ್ ಮೇಲೆ ಕೂರಿಸಬೇಕು, ಕಣ್ಣಿನ ಒದ್ದೆ ಅಂಚಿಗೆ ಅಲ್ಲ. ಮೊದಲು ಮಧ್ಯ, ಆಮೇಲೆ ಎರಡು ತುದಿ. ಹಸಿ ಇದ್ದಾಗ ಕೂರಿಸಿದ್ರೆ ಪಟ್ಟಿ ಜಾರುತ್ತೆ, ಹುಡುಗಿ ಕಣ್ಣು ಮಿಟುಕಿಸ್ತಾಳೆ, ಗಮ್ ಒಳಗೆ ಹೋಗುತ್ತೆ.

ಸೀರಮ್, ಎಣ್ಣೆ ಹಚ್ಚೋರ ರೆಪ್ಪೆ ಜಿಡ್ಡಾಗಿರುತ್ತೆ, ಪಟ್ಟಿ ತುದಿ ಬೇಗ ಬಿಡುತ್ತೆ. ಬಿಟ್ಟಾಗ ಪಾರ್ಲರಿನಲ್ಲಿ ಗಮ್ ಇನ್ನೂ ದಪ್ಪ ಹಚ್ತಾರೆ. ಅಲ್ಲಿಗೆ ಎರಡು ಪಟ್ಟು ಗಮ್ ರೆಪ್ಪೆ ಮೇಲೆ. ಹಿಂದಿನ ದಿನ ರಾತ್ರಿ ಏನೂ ಹಚ್ಚಬೇಡಿ ಅಂತ ನಾನು ಮೊದಲೇ ಹೇಳಿರ್ತೀನಿ.

ಚಿಂತಾಮಣಿ ಲ್ಯಾಶ್ ಸ್ಟುಡಿಯೋ

ಪ್ರಶ್ನೆ ಸರಿ ಓದಿರಲಿಲ್ಲ, ಕ್ಷಮಿಸಿ. ಆದ್ರೂ ಒಂದು ಮಾತು ಉಳೀಬೇಕು. ಪಟ್ಟಿ ಗಮ್ ಆಗಲಿಲ್ಲ ಅಂತ ಮದುವೆಗೆ ಎಕ್ಸ್‌ಟೆನ್ಷನ್ ಹಾಕಿಸೋಣ ಅಂತ ಯೋಚನೆ ಮಾಡಬೇಡಿ. ನಮ್ಮ ಗ್ಲೂ ಇನ್ನೂ ಕಟುವಾದದ್ದು, ಅದು ಗಟ್ಟಿಯಾಗುವಾಗಲೂ ಸ್ವಲ್ಪ ಫಾರ್ಮಾಲ್ಡಿಹೈಡ್ ಏಳುತ್ತೆ. ಅದು ಚರ್ಮಕ್ಕೆ ತಾಗಿದ್ರೆ ಹತ್ತಿಯಲ್ಲಿ ಒರೆಸೋಕೂ ಹೋಗಬಾರದು, ಹತ್ತಿಗೆ ಬಿದ್ದರೆ ಬಿಸಿಯಾಗಿ ಸುಡುತ್ತೆ. ಆಗಲಿಲ್ಲ ಅಂದ್ರೆ ತಕ್ಷಣ ಎಳೆದು ತೆಗೆಯೋಕೂ ಬರಲ್ಲ, ರಿಮೂವರ್ ಹಾಕಬೇಕು, ಅದು ಮತ್ತೊಂದು ಉರಿ. ಊದಿದ ರೆಪ್ಪೆ ಮೇಲೆ ಆ ಕೆಲಸ ನಾನಂತೂ ಮಾಡಲ್ಲ.

ಗುಬ್ಬಿ ಲತಾ

ಸರಿ. ಗಮ್, ಸೀರಮ್ ಎರಡೂ ನಿಂತಿವೆ. ಈಗ ಯಾವುದು ಅಂತ ಗೊತ್ತು ಮಾಡ್ಕೊಳ್ಳೋದು ಹೇಗೆ? ಮದುವೆಗೆ ಬೇರೆ ಗಮ್ ತಗೊಂಡು ಅವತ್ತೇ ನೇರವಾಗಿ ಹಾಕಿ ನೋಡೋ ಧೈರ್ಯ ನನಗಿಲ್ಲ.

ಮಧುಗಿರಿ ಫಾರ್ಮಸಿ

ಸರಿಯಾದ ದಾರಿ ಚರ್ಮದ ಡಾಕ್ಟರ ಹತ್ತಿರ ಪ್ಯಾಚ್ ಟೆಸ್ಟ್. ಬೆನ್ನಿಗೆ ಫಾರ್ಮಾಲ್ಡಿಹೈಡ್, ಪರಿಮಳ, ಅಕ್ರಿಲೇಟ್ ಹೀಗೆ ಬೇರೆ ಬೇರೆ ಚುಕ್ಕಿ ಅಂಟಿಸಿ, 48 ಗಂಟೆಗೆ ತೆಗೆದು ನೋಡುತ್ತಾರೆ, ಸುಮಾರು 96 ಗಂಟೆಗೆ ಮತ್ತೊಮ್ಮೆ. ಎರಡನೇ ಸಲ ಹೋಗದೆ ಬಿಡುವವರೇ ಹೆಚ್ಚು, ತಡವಾಗಿ ಏಳುವುದು ಅಲ್ಲೇ ತಪ್ಪಿಹೋಗುತ್ತದೆ. ಹೋಗುವಾಗ ಗಮ್, ಸೀರಮ್, ಜೆಲ್ಲಿನ ಹೆಸರು ಎಲ್ಲವನ್ನೂ ಡಬ್ಬಿ ಸಮೇತ ಒಯ್ಯಿರಿ. ಸಣ್ಣ ಊರಿನ ಎಲ್ಲ ಕಡೆ ಈ ಪರೀಕ್ಷೆ ಇರುವುದಿಲ್ಲ, ಫೋನ್ ಮಾಡಿ ಕೇಳಿಕೊಂಡು ಹೋಗಿ.

ಮನೆಯಲ್ಲಿ ಮಾಡಬಹುದಾದದ್ದು ಇಷ್ಟು. ರೆಪ್ಪೆ ಪೂರ್ತಿ ಆರಿ ಎರಡು ವಾರ ಕಳೆಯಲಿ. ಆಮೇಲೆ ಹಳೇ ಗಮ್ಮನ್ನು ಒಂದು ಮುಂಗೈಯ ಒಳಭಾಗದಲ್ಲಿ, ಕೊಳ್ಳಬೇಕೆಂದಿರುವ ಹೊಸ ಗಮ್ಮನ್ನು ಇನ್ನೊಂದು ಕೈಯಲ್ಲಿ, ಒಂದು ರೂಪಾಯಿ ನಾಣ್ಯದಗಲ ತೆಳ್ಳಗೆ ಹಚ್ಚಿ. ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ, ಅದೇ ಜಾಗಕ್ಕೆ, ಏಳರಿಂದ ಹತ್ತು ದಿನ. ಹೊಸದು ಹಚ್ಚುವ ಮುಂಚೆ ಹಳೆ ಪದರವನ್ನು ಎಣ್ಣೆಯಲ್ಲಿ ತೆಗೆಯಿರಿ, ಉಜ್ಜಬೇಡಿ. ನವೆಯೊಂದಿಗೆ ಕೆಂಪು ಗುಳ್ಳೆ ಎದ್ದರೆ ಅಲ್ಲಿಗೆ ನಿಲ್ಲಿಸಿ, ಅದು ಉತ್ತರ. ಏನೂ ಏಳದಿದ್ದರೆ ಅರ್ಧ ಉತ್ತರ ಮಾತ್ರ, ಏಕೆಂದರೆ ಮುಂಗೈ ಒಪ್ಪಿದ್ದನ್ನು ರೆಪ್ಪೆ ಒಪ್ಪದೇ ಇರಬಹುದು. ಸೈನೋಅಕ್ರಿಲೇಟನ್ನು ಮಾತ್ರ ಹೀಗೆ ಕೈಗೆ ಹಚ್ಚಿ ನೋಡಬೇಡಿ.

ಕೋಲಾರ ಆಪ್ಟೊಮೆಟ್ರಿ

ಒಂದನ್ನ ಸೇರಿಸ್ತೀನಿ. ಈ ಮಧ್ಯೆ ಕಣ್ಣು ಕೆಂಪಾಗಿ ಬೆಳಕು ನೋಡೋಕೆ ಆಗದಿದ್ರೆ, ನೋವಿದ್ರೆ, ಮಬ್ಬಾದ್ರೆ, ಹಳದಿ ಪಿಸುರು ಬಂದ್ರೆ ಈ ಪರೀಕ್ಷೆ ಎಲ್ಲ ಬಿಟ್ಟು ಅವತ್ತೇ ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ಅದು ರೆಪ್ಪೆ ಅಲರ್ಜಿ ಅಲ್ಲ, ಪಾರದರ್ಶಕ ಪಟಲಕ್ಕೆ ಗಾಯ ಆಗಿರಬಹುದು.

ಗುಬ್ಬಿ ಲತಾ (ನಾಲ್ಕು ವಾರದ ನಂತರ)

ಎಲ್ಲರೂ ಕೇಳ್ತಿದ್ರಿ, ಅದಕ್ಕೆ ಬರೀತಿದ್ದೀನಿ. ರೆಪ್ಪೆ ಒಂಬತ್ತನೇ ದಿನಕ್ಕೆ ಪೂರ್ತಿ ಇಳೀತು. ಎರಡು ವಾರ ಬಿಟ್ಟು ಕೈಗೆ ಹಚ್ಚಿದ್ವಿ. ಬಲಗೈಗೆ ಹಳೇ ಗಮ್: ಮೂರನೇ ದಿನ ಸಂಜೆಗೆ ನಾಣ್ಯದಗಲ ಕೆಂಪಾಗಿ ಸಣ್ಣ ಗುಳ್ಳೆ, ನವೆ. ನಿಲ್ಲಿಸಿದ್ವಿ. ಎಡಗೈಗೆ ಪರಿಮಳ ಇಲ್ಲದ, ಡಿಎಂಡಿಎಂ ಇಲ್ಲದ, ಫಿನಾಕ್ಸಿಎಥೆನಾಲ್ ಇರೋ ಬೇರೆ ಗಮ್: ಇವತ್ತಿಗೆ ಐದನೇ ದಿನ, ಏನೂ ಇಲ್ಲ. ಕಂದು ಗೆರೆ ಹಾಗೇ ಇದೆ, ಬಹುಶಃ ಒಂದು ಛಾಯೆ ತಿಳಿ. ಸೀರಮ್ ಬಿಟ್ಟಿದ್ದಾಳೆ, ಕೂದಲು ಗಿಡ್ಡ ಆಗುತ್ತೆ ಅಂತ ಗೊಣಗ್ತಾಳೆ. ಪ್ಯಾಚ್ ಟೆಸ್ಟಿಗೆ ಬೆಂಗಳೂರಿಗೇ ಹೋಗಬೇಕಂತೆ, ಮದುವೆ ಆದ್ಮೇಲೆ ಅಂತ ಬರೆಸಿದ್ದೀವಿ.

ಮಧುಗಿರಿ ಫಾರ್ಮಸಿ

ಗಮ್ ಎಂದು ಗಟ್ಟಿಯಾಯಿತು. ಅದರೊಳಗೆ ಡಿಎಂಡಿಎಂಯೋ ಪರಿಮಳವೋ ಎಂಬುದು ಮಾತ್ರ ಇನ್ನೂ ತಿಳಿದಿಲ್ಲ, ಎರಡೂ ಒಂದೇ ಟ್ಯೂಬಿನಲ್ಲಿದ್ದವು. ಆದ್ದರಿಂದ ಮದುವೆಯ ದಿನ ಮೇಕಪ್ಪಿನ ಎಲ್ಲ ಡಬ್ಬಿಗಳ ಪಟ್ಟಿಯನ್ನೂ ನೋಡಿ, ಎರಡೂ ಇಲ್ಲದ್ದನ್ನೇ ಇಟ್ಟುಕೊಳ್ಳಿ. ಎಡಗೈಯನ್ನು ಹತ್ತು ದಿನ ಮುಗಿಸಿ.

ಶಿರಾ ಬ್ರೈಡಲ್

ಮದುವೆ ದಿನ ಬೇಡ, ಹತ್ತನೇ ದಿನ ಆದ್ಮೇಲೆ ಮನೇಲೇ ಒಂದು ಸಲ ಹೊಸ ಗಮ್ಮಲ್ಲಿ ಪಟ್ಟಿ ಹಾಕಿ, ಎರಡು ಗಂಟೆಗೆ ಎಣ್ಣೇಲಿ ತೆಗೆದು ನಾಲ್ಕು ದಿನ ನೋಡಿ. ಮತ್ತೆ ಜೆಲ್ ನೇಲ್ಸ್ ಮದುವೆಗೆ ಹಾಕಿಸ್ತಿದ್ದಾರಾ?

ಗುಬ್ಬಿ ಲತಾ

ಅದೇ ಜಗಳ ನಡೀತಿದೆ ಮನೇಲಿ. ಮೆಹೆಂದಿ ಸಾಕು ಅಂತ ಅಮ್ಮ. ಕಪ್ಪು ಕೋನ್ ತರಿಸಿಟ್ಟಿದ್ದಾಳೆ ಇವಳು.

ಮಧುಗಿರಿ ಫಾರ್ಮಸಿ

ಕಪ್ಪು ಕೋನಾ? ಅದರ ಫೋಟೋ ಹಾಕಿ ಮೊದಲು. ಕೂದಲ ಬಣ್ಣದ ಪಿಪಿಡಿ ಬೆರೆಸಿ ಕಪ್ಪು ಮಾಡಿರುತ್ತಾರೆ, ಅದನ್ನು ಹಚ್ಚಿಸಬೇಡಿ.